ಪತ್ರಿಕೋದ್ಯಮದಿಂದ ಕಂಟೆಂಟ್ ಮಾರ್ಕೆಟಿಂಗ್‌ಗೆ: ಪ್ರಕಟವಾದ ಬರಹವನ್ನೇ ಪುರಾವೆಯಾಗಿಟ್ಟು ಇಮೇಲ್ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸುದ್ದಿಮನೆಯಲ್ಲಿ ವರ್ಷಗಟ್ಟಲೆ ದುಡಿದು, ಈಗ ಕಂಪನಿಯೊಂದರ ಕಂಟೆಂಟ್ ತಂಡ ಸೇರಬೇಕು ಎಂದುಕೊಂಡಿರುವವರಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲಿ ರೆಸ್ಯೂಮೆ ಬಗ್ಗೆ ಹೆಚ್ಚು ಮಾತಿಲ್ಲ, ಸಂದರ್ಶನದ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ. ಉಳಿದದ್ದೆಲ್ಲ ಕೆಲಸ ಕೇಳಿ ಬರೆಯುವ ಮೊದಲ ಇಮೇಲ್ ಮತ್ತು ಅದರೊಳಗೆ ಹಾಕುವ ಲಿಂಕ್‌ಗಳ ಬಗ್ಗೆ.

ನನ್ನ ಬೈಲೈನ್ ಇರುವ ನೂರಾರು ವರದಿಗಳಿವೆ. ಪುರಾವೆಗೆ ಅಷ್ಟು ಸಾಕಲ್ವಾ?

ಸಾಲದು. ನಿಮಗೆ ಬರೆಯಲು ಬರುತ್ತದೆ ಎಂಬುದನ್ನು ಬೈಲೈನ್ ಹೇಳುತ್ತದೆ. ಆದರೆ ಇಮೇಲ್ ತೆರೆದ ಕಂಟೆಂಟ್ ಮುಖ್ಯಸ್ಥರ ತಲೆಯಲ್ಲಿರುವ ಪ್ರಶ್ನೆ ಅದಲ್ಲ. ಪತ್ರಕರ್ತರಿಗೆ ಬರೆಯಲು ಬರುತ್ತದೆ ಎಂದು ಅವರು ಆಗಲೇ ಒಪ್ಪಿಕೊಂಡಿರುತ್ತಾರೆ. ಅವರ ಅನುಮಾನಗಳು ಬೇರೆ. ನಮ್ಮ ಗ್ರಾಹಕರು ಏನು ಹುಡುಕುತ್ತಾರೆ ಎಂಬುದು ಈ ವ್ಯಕ್ತಿಗೆ ಅರ್ಥವಾಗುತ್ತದಾ? ಒಣ ವಿಷಯವನ್ನು ಕೊನೆಯ ಸಾಲಿನವರೆಗೂ ಓದಿಸಬಲ್ಲರಾ? ನಮ್ಮ ಎಂಜಿನಿಯರ್ ಜೊತೆ ಕೂತು ಅರ್ಧ ಗಂಟೆ ಮಾತಾಡಿ, ಅದರಿಂದ ಒಂದು ಲೇಖನ ತೆಗೆಯಬಲ್ಲರಾ? ಬರೆದದ್ದನ್ನು ಮೂರು ಜನ ತಿದ್ದಿದರೆ ತಾಳಿಕೊಳ್ಳುತ್ತಾರಾ?

ಸುಮ್ನೆ ಇಪ್ಪತ್ತು ಲಿಂಕ್ ಕೊಟ್ಟರೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ ಅವರ ತಲೆಗೆ ಬೀಳುತ್ತದೆ. ಅಷ್ಟು ಪುರಸೊತ್ತು ಅವರಿಗಿರುವುದಿಲ್ಲ. ಪ್ರತಿ ಲಿಂಕ್ ಯಾವ ಪ್ರಶ್ನೆಗೆ ಉತ್ತರ ಎಂದು ನೀವೇ ಹೇಳಬೇಕು. ಈ ಇಮೇಲ್‌ನ ಮುಖ್ಯ ಕೆಲಸವೇ ಅದು.

ಹಾಗಾದರೆ ಯಾವ ಥರದ ಬರಹ ಯಾವುದಕ್ಕೆ ಪುರಾವೆಯಾಗುತ್ತದೆ?

ಎಲ್ಲಕ್ಕಿಂತ ಹೆಚ್ಚು ಬೆಲೆ ಬರುವುದು ಎಕ್ಸ್‌ಪ್ಲೇನರ್‌ಗೆ. ಹೊಸ ನಿಯಮ ಬಂದಾಗ, ಜನರಿಗೆ ಗೊಂದಲವಾದಾಗ, 'ಇದರ ಅರ್ಥ ಏನು, ನಾನು ಈಗ ಏನು ಮಾಡಬೇಕು' ಎಂಬುದನ್ನು ಬಿಡಿಸಿ ಬರೆದ ಲೇಖನ ಅದು. ಕಂಪನಿಗಳ ಕಂಟೆಂಟ್‌ನಲ್ಲಿ ದೊಡ್ಡ ಪಾಲು ಇಂಥದ್ದೇ. ಯಾರೋ ಸರ್ಚ್‌ನಲ್ಲಿ ಒಂದು ಪ್ರಶ್ನೆ ಟೈಪ್ ಮಾಡುತ್ತಾರೆ, ಕಂಪನಿಯ ಲೇಖನ ಅದಕ್ಕೆ ಉತ್ತರ ಕೊಡುತ್ತದೆ. ಸುದ್ದಿಮನೆಯಲ್ಲಿ ಎಕ್ಸ್‌ಪ್ಲೇನರ್‌ಗಳನ್ನು ಒಳಪುಟದ ಕೆಲಸ ಎಂದು ನೋಡುವವರಿದ್ದಾರೆ. ಹಾಗಾಗಿ ಬಹಳ ಪತ್ರಕರ್ತರು ತಮ್ಮ ಅತ್ಯಂತ ಉಪಯೋಗದ ಪುರಾವೆಯನ್ನೇ ಮರೆತಿರುತ್ತಾರೆ.

ಎರಡನೆಯದು ಸಾಮಾನ್ಯ ಜನರ ಸಂದರ್ಶನ ಇಟ್ಟುಕೊಂಡು ಬರೆದ ಫೀಚರ್. ಒಬ್ಬರಿಗೆ ಒಂದು ತೊಂದರೆ ಇತ್ತು, ಅವರು ಏನೋ ಮಾಡಿದರು, ಏನೋ ಬದಲಾಯಿತು. ಕಂಪನಿಯವರು ಕೇಸ್ ಸ್ಟಡಿ ಎಂದು ಕರೆಯುವುದು ಇದೇ ಆಕಾರದ ಬರಹವನ್ನು. ದೊಡ್ಡ ಉದ್ಯಮಿಯ ಅಥವಾ ಸಿನಿಮಾ ತಾರೆಯ ಸಂದರ್ಶನ ಇದಕ್ಕೆ ಅಷ್ಟು ಒಗ್ಗುವುದಿಲ್ಲ. ಅವರು ಮಾತಾಡಿ ಮಾತಾಡಿ ಪಳಗಿದವರು. ಮಾತು ಬಾರದವರಿಂದ ಮಾತು ಹೊರಡಿಸಿದ ಬರಹವಿದ್ದರೆ ಅದನ್ನು ಕಳಿಸಿ.

ಮೂರನೆಯದು ತಜ್ಞರ ಮಾತನ್ನು ಸರಳ ಮಾಡಿದ ಬರಹ. ವೈದ್ಯರು, ವಿಜ್ಞಾನಿಗಳು, ವಕೀಲರು, ಲೆಕ್ಕಪರಿಶೋಧಕರು ಹೇಳಿದ್ದನ್ನು ಓದುಗರಿಗೆ ತಿಳಿಯುವ ಹಾಗೆ ಬರೆದಿದ್ದರೆ, ನಾಳೆ ಕಂಪನಿಯೊಳಗಿನ ತಜ್ಞರ ಜೊತೆಗೂ ಅದೇ ಕೆಲಸ ಮಾಡಬಲ್ಲಿರಿ ಎಂದು ಅರ್ಥ.

ಬ್ರೇಕಿಂಗ್ ನ್ಯೂಸ್, ಅಪರಾಧ ವರದಿ, ಸುದ್ದಿಗೋಷ್ಠಿಯ ವರದಿ ಇವೆಲ್ಲ ಪತ್ರಿಕೆಗೆ ಜೀವ. ಆದರೆ ಈ ಇಮೇಲ್‌ನಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಅವು ತೋರಿಸುವುದು ನಿಮ್ಮ ವೇಗವನ್ನು. ಪತ್ರಕರ್ತರು ಡೆಡ್‌ಲೈನ್‌ಗೆ ಕೊಡುತ್ತಾರೆ ಎಂಬ ನಂಬಿಕೆ ಆ ಕಡೆಯವರಿಗೆ ಮೊದಲೇ ಇರುತ್ತದೆ.

ತನಿಖಾ ವರದಿಯೇ ನನ್ನ ಅತ್ಯುತ್ತಮ ಕೆಲಸ. ಅದನ್ನು ಬಿಡಬೇಕಾ?

ಮೊದಲ ಲಿಂಕ್ ಮಾಡಬೇಡಿ. ಒಂದು ವಾಕ್ಯದಲ್ಲಿ ಹೇಳಿ. ತನಿಖಾ ವರದಿ ನಿಮ್ಮ ಛಲ ಮತ್ತು ನಿಖರತೆಯನ್ನು ತೋರಿಸುತ್ತದೆ, ನಿಜ. ಆದರೆ ಅದನ್ನು ಓದಿದವರು 'ಇವರು ಇಲ್ಲಿ ಬಂದು ಉತ್ಪನ್ನದ ಬಗ್ಗೆ ಬರೆದುಕೊಂಡು ಇರುತ್ತಾರಾ' ಎಂದು ಯೋಚಿಸುವುದೂ ಸಹಜ. 'ಪ್ರಕಟಿಸುವ ಮೊದಲು ಪ್ರತಿ ಅಂಕಿಯನ್ನೂ ದಾಖಲೆ ನೋಡಿ ಖಚಿತ ಮಾಡಿಕೊಳ್ಳುವ ಅಭ್ಯಾಸ ತನಿಖಾ ವರದಿಗಾರಿಕೆಯಿಂದ ಬಂದಿದೆ' ಎಂದು ಬರೆದರೆ ಅದರಿಂದ ಸಿಗಬೇಕಾದ ಲಾಭ ಸಿಕ್ಕಿತು. ಹಣಕಾಸು, ಆರೋಗ್ಯ, ಕಾನೂನು ಕ್ಷೇತ್ರದ ಕಂಪನಿಗಳಿಗೆ ಈ ಮಾತು ವಿಶೇಷವಾಗಿ ಇಷ್ಟವಾಗುತ್ತದೆ. ಅಲ್ಲಿ ಒಂದು ತಪ್ಪು ಅಂಕಿ ಹೊರಗೆ ಹೋದರೂ ದೊಡ್ಡ ತಲೆನೋವು.

ಎಷ್ಟು ಲಿಂಕ್ ಹಾಕಬೇಕು?

ಎರಡು. ಬೇಕೇ ಬೇಕು ಅನಿಸಿದರೆ ಮೂರು. ಉಳಿದವಕ್ಕೆ ಕೊನೆಯಲ್ಲಿ ಪೋರ್ಟ್‌ಫೋಲಿಯೊ ಪುಟದ ಲಿಂಕ್ ಕೊಟ್ಟರಾಯಿತು.

ಒಂದು ಪೂರ್ತಿ ಉದಾಹರಣೆ ತೋರಿಸಬಹುದಾ?

ಒಬ್ಬ ವರದಿಗಾರ್ತಿ ಇದ್ದಾರೆ ಎಂದಿಟ್ಟುಕೊಳ್ಳಿ. ಒಂಬತ್ತು ವರ್ಷ ವಾಣಿಜ್ಯ ವಿಭಾಗದಲ್ಲಿದ್ದಾರೆ, ಸಣ್ಣ ವ್ಯಾಪಾರ ಅವರ ಬೀಟ್. ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ಕಂಟೆಂಟ್ ರೈಟರ್ ಕೆಲಸ ಖಾಲಿ ಇದೆ. ಅವರು ಐದು ಬರಹಗಳನ್ನು ಆರಿಸಿಟ್ಟುಕೊಂಡಿದ್ದಾರೆ: ತೆರಿಗೆ ಕಚೇರಿಯ ಲಂಚದ ಬಗ್ಗೆ ಪ್ರಶಸ್ತಿ ಬಂದ ತನಿಖಾ ವರದಿ, ದೊಡ್ಡ ಉದ್ಯಮಿಯೊಬ್ಬರ ಸಂದರ್ಶನ, ಬಜೆಟ್ ದಿನದ ಲೈವ್ ವರದಿ, 'ಗ್ರಾಹಕ ಬಾಕಿ ಕೊಡದಿದ್ದರೆ ವ್ಯಾಪಾರಿ ಏನು ಮಾಡಬಹುದು' ಎಂಬ ಎಕ್ಸ್‌ಪ್ಲೇನರ್, ಕೈಯಲ್ಲಿ ಹಣ ಓಡಾಡದೆ ಮುಚ್ಚುವ ಸ್ಥಿತಿಗೆ ಬಂದು ಚೇತರಿಸಿಕೊಂಡ ಮೂರು ಅಂಗಡಿಗಳ ಬಗ್ಗೆ ಒಂದು ಫೀಚರ್.

ಯಾರಿಗೇ ಆದರೂ ಮೊದಲು ಪ್ರಶಸ್ತಿ ಬಂದದ್ದನ್ನು ಹಾಕೋಣ ಅನಿಸುತ್ತದೆ. ಆದರೆ ಆ ಕಂಪನಿಯ ಗ್ರಾಹಕರು ಯಾರು? ಸಣ್ಣ ವ್ಯಾಪಾರಿಗಳು. ಅವರ ಚಿಂತೆ ಏನು? ಬಾಕಿ, ಬಿಲ್ಲು, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯಿತು. ಹಾಗೆ ನೋಡಿದರೆ ಕೊನೆಯ ಎರಡು ಬರಹಗಳು ಆ ಕಂಪನಿಯ ವೆಬ್‌ಸೈಟ್‌ನಲ್ಲೇ ಪ್ರಕಟವಾಗಬಹುದಾಗಿತ್ತು. ಅವೆರಡನ್ನೇ ಆರಿಸಬೇಕು.

ಸಾಮಾನ್ಯವಾಗಿ ಜನ ಬರೆಯುವ ಇಮೇಲ್ ಹೀಗಿರುತ್ತದೆ:

> ಮಾನ್ಯರೇ, ನಾನು ಕಳೆದ ಒಂಬತ್ತು ವರ್ಷಗಳಿಂದ ಪತ್ರಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ಬರವಣಿಗೆಯೇ ನನ್ನ ಉಸಿರು. ಈಗ ಹೊಸ ಸವಾಲುಗಳನ್ನು ಹುಡುಕುತ್ತಿದ್ದೇನೆ. ಕಥೆ ಹೇಳುವ ನನ್ನ ಕೌಶಲ ನಿಮ್ಮ ಸಂಸ್ಥೆಗೆ ಉಪಯೋಗವಾಗುತ್ತದೆ ಎಂಬ ವಿಶ್ವಾಸವಿದೆ. ನನ್ನ ಎಲ್ಲ ಲೇಖನಗಳು ಈ ಲಿಂಕ್‌ನಲ್ಲಿವೆ. ಒಂದು ಅವಕಾಶ ಕೊಡಬೇಕಾಗಿ ವಿನಂತಿ.

ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಕ್ರೀಡಾ ವರದಿಗಾರರೂ ಇದನ್ನೇ ಕಳಿಸಬಹುದು, ಯಾವ ಕಂಪನಿಗೆ ಬೇಕಾದರೂ ಕಳಿಸಬಹುದು. ಅದೇ ಇದರ ತೊಂದರೆ. ಈಗ ಇದನ್ನು ನೋಡಿ:

> ವಿಷಯ: ಕಂಟೆಂಟ್ ರೈಟರ್ ಹುದ್ದೆ – ಸಣ್ಣ ವ್ಯಾಪಾರಿಗಳ ಹಣಕಾಸಿನ ಬಗ್ಗೆ 9 ವರ್ಷ ಬರೆದ ವರದಿಗಾರ್ತಿ
>
> ನಮಸ್ಕಾರ,
>
> ನಿಮ್ಮ ಕಂಟೆಂಟ್ ರೈಟರ್ ಹುದ್ದೆಗಾಗಿ ಬರೆಯುತ್ತಿದ್ದೇನೆ. ನಿಮ್ಮ ಸಾಫ್ಟ್‌ವೇರ್ ಬಳಸುವಂಥ ಸಣ್ಣ ವ್ಯಾಪಾರಿಗಳೇ ಒಂಬತ್ತು ವರ್ಷಗಳಿಂದ ನನ್ನ ಬೀಟ್. ಅವರ ಬಾಕಿ, ಬಿಲ್ಲು, ಸಾಲದ ಬಗ್ಗೆ ಅವರಿಗೇ ಅರ್ಥವಾಗುವಂತೆ ಬರೆಯುವುದು ನನ್ನ ಕೆಲಸ.
>
> ಎರಡು ಬರಹ ಕಳಿಸುತ್ತಿದ್ದೇನೆ.
>
> 'ಗ್ರಾಹಕ ಬಾಕಿ ಕೊಡದಿದ್ದರೆ ಏನು ಮಾಡಬಹುದು?' [ಲಿಂಕ್] ಓದುಗರು ಪತ್ರ ಬರೆದು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಇದು. ವಕೀಲರು ಮತ್ತು ಲೆಕ್ಕಪರಿಶೋಧಕರ ಜೊತೆ ಮಾತಾಡಿ, ಕ್ರಮವಾಗಿ ಏನೇನು ಮಾಡಬೇಕೆಂದು ಬರೆದೆ. ನಿಯಮ ಬದಲಾದಾಗ ಲೇಖನವನ್ನೂ ತಿದ್ದಿದ್ದೇನೆ.
>
> 'ಮುಚ್ಚುವ ಅಂಚಿನಿಂದ ಮರಳಿದ ಮೂರು ಅಂಗಡಿಗಳು' [ಲಿಂಕ್] ಮೂವರು ಮಾಲೀಕರೂ ಮೊದಲು ಲೆಕ್ಕದ ಪುಸ್ತಕ ತೋರಿಸಲು ಒಪ್ಪಿರಲಿಲ್ಲ. ಕೊನೆಗೆ ತಮ್ಮ ಹೆಸರು ಮತ್ತು ಅಂಕಿಗಳ ಸಮೇತ ಬರೆಯಲು ಒಪ್ಪಿದರು. ನಿಮ್ಮ ಗ್ರಾಹಕರ ಅನುಭವಗಳನ್ನು ಇದೇ ರೀತಿ ಬರೆಯಬಲ್ಲೆ.
>
> ಮಾರ್ಕೆಟಿಂಗ್ ತಂಡದಲ್ಲಿ ಇದುವರೆಗೆ ಕೆಲಸ ಮಾಡಿಲ್ಲ. ನಿಮ್ಮ ಲೇಖನಗಳನ್ನು ಓದಿದಾಗ ಬಿಲ್ ಮಾಡುವ ಬಗ್ಗೆ ಬೇಕಾದಷ್ಟು ಕಂಡಿತು, ಬಾಕಿ ವಸೂಲಿಯ ಬಗ್ಗೆ ಏನೂ ಕಾಣಲಿಲ್ಲ. ಆ ವಿಷಯಕ್ಕೆ ಒಂದು ಪುಟದ ಬ್ರೀಫ್ ಬರೆದು ಜೊತೆಗಿಟ್ಟಿದ್ದೇನೆ.
>
> ಮುಂದಿನ ವಾರ ಇಪ್ಪತ್ತು ನಿಮಿಷ ಮಾತಾಡಲು ಆಗುತ್ತದಾ?

ಇದರಲ್ಲಿ ಪ್ರತಿ ಲಿಂಕಿನ ಹಿಂದೆ ಕೆಲವೇ ವಾಕ್ಯಗಳಿವೆ, ಆದರೆ ಅವು ಮೂರು ವಿಷಯ ಹೇಳುತ್ತವೆ: ಓದುಗರ ತೊಂದರೆ ಏನಿತ್ತು, ನಾನು ಏನು ಮಾಡಿದೆ, ಅದು ನಿಮ್ಮಲ್ಲಿ ಯಾವ ಕೆಲಸಕ್ಕೆ ಬರುತ್ತದೆ. ಮೊದಲ ಲಿಂಕಿನಲ್ಲಿ ಮೂರನೆಯದನ್ನು ಬಾಯಿಬಿಟ್ಟು ಹೇಳಿಲ್ಲ, ಏಕೆಂದರೆ ವಿಷಯವೇ ಅದನ್ನು ಹೇಳುತ್ತಿದೆ. 'ತಿದ್ದಿದ್ದೇನೆ' ಎಂಬ ಪುಟ್ಟ ವಾಕ್ಯದ ಮೇಲೆ ಗಮನವಿಡಿ. ದಿನಪತ್ರಿಕೆಯಲ್ಲಿ ನಿನ್ನೆಯ ಲೇಖನ ನಿನ್ನೆಗೆ ಮುಗಿಯಿತು. ಕಂಟೆಂಟ್ ಮಾರ್ಕೆಟಿಂಗ್‌ನಲ್ಲಿ ಹಳೆಯ ಲೇಖನವನ್ನು ಹೊಸದಾಗಿಡುವುದು ನಿತ್ಯದ ಕೆಲಸ. ಅದು ನಿಮಗೆ ಗೊತ್ತು ಎಂದು ಆ ವಾಕ್ಯ ತೋರಿಸಿಬಿಡುತ್ತದೆ.

ತನಿಖಾ ವರದಿಯ ಮಾತೇ ಇದರಲ್ಲಿಲ್ಲ. ಆ ಪ್ರಶಸ್ತಿ ರೆಸ್ಯೂಮೆಯಲ್ಲಿದೆ. ಇಲ್ಲಿ ಅದಕ್ಕೆ ಜಾಗ ಮಾಡಲು ಹೊರಟರೆ ಇಮೇಲ್‌ನ ದಾರಿ ಎರಡಾಗುತ್ತಿತ್ತು.

ಸಬ್ಜೆಕ್ಟ್ ಲೈನ್‌ಗೆ ಹೆಡ್‌ಲೈನ್ ಕೊಡುವ ನನ್ನ ಅನುಭವ ಬಳಸಲಾ?

ಆಕರ್ಷಕವಾಗಿ ಬರೆಯಲು ಹೋಗಬೇಡಿ. ಹುದ್ದೆಯ ಹೆಸರು, ಆಮೇಲೆ ನಿಮ್ಮ ಬೀಟ್. ಅಷ್ಟೇ ಸಾಕು. ಕುತೂಹಲ ಕೆರಳಿಸುವ ಸಾಲುಗಳು ಜಾಹೀರಾತಿನ ಇಮೇಲ್‌ಗಳ ಹಾಗೆ ಕಾಣುತ್ತವೆ. ಮೊಬೈಲ್‌ನಲ್ಲಿ ಸಾಲಿನ ಮೊದಲ ಭಾಗ ಮಾತ್ರ ಕಾಣುವುದರಿಂದ ಹುದ್ದೆಯ ಹೆಸರು ಮೊದಲಿರಲಿ.

ಎಷ್ಟು ಜನ ಓದಿದರು ಎಂಬ ಅಂಕಿ ಹಾಕಬೇಕಾ? ನನ್ನ ಹತ್ತಿರ ಅದಿಲ್ಲ.

ಇಲ್ಲದಿದ್ದರೆ ಹಾಕಬೇಡಿ. ಊಹಿಸಿಯಂತೂ ಹಾಕಲೇಬೇಡಿ. 'ಲಕ್ಷಾಂತರ ಓದುಗರನ್ನು ತಲುಪಿದೆ' ಎಂದು ಬರೆದರೆ ಅದು ನಿಮ್ಮ ಲೇಖನದ ಅಂಕಿಯಲ್ಲ, ಪತ್ರಿಕೆಯ ಪ್ರಸಾರದ ಅಂಕಿ. ಓದುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಅಂಕಿ ಇದ್ದರೂ ಅದರ ಬೆಲೆ ಎಷ್ಟು ಎಂದು ತಿಳಿದಿರಬೇಕು. ಸುದ್ದಿ ತಾಣದಲ್ಲಿ ಒಂದು ಬರಹದ ಪೇಜ್ ವ್ಯೂ ಬಹುಪಾಲು ಅದನ್ನು ಎಲ್ಲಿ ಇಟ್ಟರು ಎಂಬುದರ ಮೇಲೆ ನಿಂತಿರುತ್ತದೆ. ಮುಖಪುಟದ ಮೇಲ್ಗಡೆ ಇಟ್ಟು ನೋಟಿಫಿಕೇಶನ್ ಕಳಿಸಿದರೆ ಸಾಧಾರಣ ಬರಹಕ್ಕೂ ದೊಡ್ಡ ಅಂಕಿ ಬರುತ್ತದೆ. ಕಂಪನಿಯ ವೆಬ್‌ಸೈಟ್‌ಗೆ ಹಾಗೆ ದಿನಾ ಬಂದು ಮುಖಪುಟ ತೆರೆಯುವ ಓದುಗರಿಲ್ಲ. ಅವರಿಗೆ ಬೇಕಾದದ್ದು ಸರ್ಚ್‌ನಿಂದ ಬಂದ ಓದುಗರು, ತಿಂಗಳುಗಳಾದ ಮೇಲೂ ಬರುತ್ತಿರುವ ಓದುಗರು, ಪೂರ್ತಿ ಓದಿದವರು. ನಿಮ್ಮ ಬರಹಕ್ಕೆ ಓದುಗರು ಎಲ್ಲಿಂದ ಬಂದರು ಎಂದು ಹೇಳಲು ಸಾಧ್ಯವಾದರೆ, ಬರೀ ವ್ಯೂ ಅಂಕಿಗಿಂತ ಅದೇ ಹೆಚ್ಚು ಉಪಯೋಗ.

ಇನ್ನೊಂದು ಮಾತು. ಸಂಸ್ಥೆಯ ಒಳಗಿನ ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್ ತೆಗೆದು ಕಳಿಸಬೇಡಿ. ಆ ಮಾಹಿತಿ ನಿಮ್ಮದಲ್ಲ, ಸಂಸ್ಥೆಯದು. ಹಳೆಯ ಸಂಸ್ಥೆಯ ಒಳಗಿನದ್ದನ್ನು ಹೀಗೆ ಹಂಚುವವರು ನಾಳೆ ನಮ್ಮದನ್ನೂ ಹಂಚುತ್ತಾರೆ ಎಂದು ಓದಿದವರಿಗೆ ಅನಿಸುತ್ತದೆ. ಸಂಪಾದಕರ ಒಪ್ಪಿಗೆ ಇದ್ದರೆ ಒಂದು ಅಂಕಿಯನ್ನು ಮಾತಿನಲ್ಲಿ ಹೇಳಬಹುದು.

ಹೊರಗಿನವರೂ ಪರೀಕ್ಷಿಸಿ ನೋಡಬಹುದಾದ ಗುರುತುಗಳು ಬೇರೆ ಇವೆ. ಆ ಪ್ರಶ್ನೆಯನ್ನು ಸರ್ಚ್ ಮಾಡಿದರೆ ನಿಮ್ಮ ಲೇಖನ ಇವತ್ತಿಗೂ ಮೊದಲ ಪುಟದಲ್ಲಿ ಬರುತ್ತದಾ? ಇದನ್ನು ನಿಮ್ಮ ಎಂದಿನ ಬ್ರೌಸರ್‌ನಲ್ಲಿ ನೋಡಬೇಡಿ, ಇನ್‌ಕಾಗ್ನಿಟೊ ವಿಂಡೋದಲ್ಲಿ ನೋಡಿ. ಆಗಲೂ ಸ್ಥಳಕ್ಕೆ ತಕ್ಕಂತೆ ಫಲಿತಾಂಶ ಬದಲಾಗಬಹುದು. ಹಾಗಾಗಿ 'ಮೊದಲ ಸ್ಥಾನ' ಎನ್ನುವ ಬದಲು 'ಮೊದಲ ಪುಟದಲ್ಲಿ ಸಿಗುತ್ತಿದೆ' ಎನ್ನಿ. ಬೇರೆ ತಾಣಗಳು ನಿಮ್ಮ ಲೇಖನಕ್ಕೆ ಲಿಂಕ್ ಕೊಟ್ಟಿದ್ದಾವಾ? ಲೇಖನ ಬಂದ ಮೇಲೆ ಯಾವುದಾದರೂ ಇಲಾಖೆ ಸ್ಪಷ್ಟನೆ ಕೊಟ್ಟಿತಾ? ಓದುಗರ ಪ್ರಶ್ನೆಗಳು ಇನ್ನೊಂದು ಲೇಖನಕ್ಕೆ ದಾರಿಯಾದವಾ? ಇವು ಅಂಕಿಯಲ್ಲದಿದ್ದರೂ ಗಟ್ಟಿ ಪುರಾವೆ.

ನಾನು ಡೆಸ್ಕ್‌ನಲ್ಲಿದ್ದವನು. ನನ್ನ ಹೆಸರಲ್ಲಿ ಏನೂ ಪ್ರಕಟವಾಗಿಲ್ಲ. ಏನು ತೋರಿಸಲಿ?

ಡೆಸ್ಕ್‌ನವರು ತಮ್ಮನ್ನು ಕಡಿಮೆ ಅಂದಾಜು ಮಾಡಿಕೊಳ್ಳುವುದು ನೋಡಿ ನನಗೆ ಬೇಸರವಾಗುತ್ತದೆ. ಕಂಟೆಂಟ್ ತಂಡಗಳಲ್ಲಿ ಬರೆಯುವವರಷ್ಟೇ ತಿದ್ದುವವರೂ ಬೇಕು. ಬೇರೆಯವರು ಬರೆದದ್ದನ್ನು ಓದುವ ಹಾಗೆ ಮಾಡುವುದು, ಉದ್ದದ್ದನ್ನು ಕತ್ತರಿಸುವುದು, ತಪ್ಪು ಹಿಡಿಯುವುದು, ಒಂದೇ ಶೈಲಿಗೆ ತರುವುದು, ಇದನ್ನೆಲ್ಲ ನೀವು ಪ್ರತಿ ರಾತ್ರಿ ಮಾಡಿದ್ದೀರಿ.

ಆದರೆ ಪುರಾವೆ ಕೊಡುವ ದಾರಿ ಬೇರೆ. ಪ್ರಕಟವಾದ ಒಂದು ಬರಹದ ಲಿಂಕ್ ಕೊಡಿ. 'ಬೈಲೈನ್ ವರದಿಗಾರರದ್ದು, ನಾನು ತಿದ್ದಿದ್ದು' ಎಂದು ಮೊದಲೇ ಹೇಳಿಬಿಡಿ. ಆಮೇಲೆ ನೀವು ಮಾಡಿದ್ದನ್ನು ಬರೆಯಿರಿ: 'ಕೈಗೆ ಬಂದಾಗ ಸುಮಾರು ಎರಡು ಪಟ್ಟು ಉದ್ದವಿತ್ತು. ಕೊನೆಯಲ್ಲಿದ್ದ ಕುಟುಂಬದ ಕಥೆಯನ್ನು ಮೊದಲಿಗೆ ತಂದೆ. ಅಂಕಿಗಳನ್ನು ತೆಗೆದು ಒಂದು ಕೋಷ್ಟಕ ಮಾಡಿದೆ. ತಲೆಬರಹ ನನ್ನದು.' ವರದಿಗಾರರ ಮೂಲ ಕರಡನ್ನು ಅವರಿಗೆ ಹೇಳದೆ ಯಾರಿಗೂ ತೋರಿಸಬೇಡಿ. ತಿದ್ದುವ ಮೊದಲು ಮತ್ತು ನಂತರ ಹೇಗಿತ್ತು ಎಂದು ತೋರಿಸಲೇಬೇಕಿದ್ದರೆ, ಎಲ್ಲರಿಗೂ ಸಿಗುವ ಸರ್ಕಾರಿ ಪ್ರಕಟಣೆಯೊಂದರ ಪ್ಯಾರಾ ತೆಗೆದುಕೊಂಡು ಸರಳ ಮಾಡಿ ತೋರಿಸಿ.

ಇಬ್ಬರು ಮೂವರು ಸೇರಿ ಮಾಡಿದ ವರದಿಗೂ ಇದೇ ಮಾತು. ನಿಮ್ಮ ಪಾಲು ಎಷ್ಟು ಎಂದು ಮೊದಲೇ ಹೇಳಿ. ಸಂದರ್ಶನದಲ್ಲಿ ಅವರು ಕೇಳಿ ತಿಳಿದುಕೊಳ್ಳುವ ಹಾಗಾಗಬಾರದು.

ಲಿಂಕ್ ತೆರೆಯುತ್ತಿಲ್ಲ ಅಥವಾ ಪೇವಾಲ್ ಇದೆ. ಏನು ಮಾಡಲಿ?

ಇದು ಸಣ್ಣ ವಿಷಯ ಅನಿಸಬಹುದು. ಆದರೆ ಒಳ್ಳೆಯ ಇಮೇಲ್‌ಗಳು ಬಿದ್ದುಹೋಗುವುದು ಇಲ್ಲೇ ಜಾಸ್ತಿ. ಚಂದಾ ಕೇಳುವ ಪುಟ ಬಂದರೆ ಯಾರೂ ದುಡ್ಡು ಕೊಟ್ಟು ಓದುವುದಿಲ್ಲ. 'ಈ ಪುಟ ಸಿಗುತ್ತಿಲ್ಲ' ಎಂದು ಬಂದರೆ ಮತ್ತೆ ನಿಮ್ಮನ್ನು ಕೇಳುವ ಗೋಜಿಗೆ ಹೋಗುವುದಿಲ್ಲ, ಮುಂದಿನ ಇಮೇಲ್ ತೆರೆಯುತ್ತಾರೆ.

ಪತ್ರಿಕೆಯ ತಾಣ ಹೊಸದಾದಾಗ ಹಳೆಯ ವಿಳಾಸಗಳು ಕೆಡುವುದುಂಟು. ಆಗ web.archive.org ಗೆ ಹೋಗಿ ಹಳೆಯ ವಿಳಾಸ ಹಾಕಿ ನೋಡಿ, ಪ್ರತಿ ಉಳಿದಿರುವ ಸಾಧ್ಯತೆ ಇದೆ. ಇನ್ನೂ ಕೆಲಸದಲ್ಲಿದ್ದರೆ ಮುಖ್ಯವಾದ ನಿಮ್ಮ ಬರಹಗಳನ್ನು ಇವತ್ತೇ ಅಲ್ಲಿ Save Page Now ಮೂಲಕ ಉಳಿಸಿಡಿ. ಪೇವಾಲ್ ಹಿಂದಿರುವ ಪುಟ ಅಲ್ಲಿ ಪೂರ್ತಿ ಉಳಿಯದೆ ಇರಬಹುದು, ಉಳಿಸಿದ ಮೇಲೆ ತೆರೆದು ನೋಡಿ. ಜೊತೆಗೆ ಬ್ರೌಸರ್‌ನ ಪ್ರಿಂಟ್ ಆಯ್ಕೆಯಿಂದ ಒಂದು ಪಿಡಿಎಫ್ ಮಾಡಿಟ್ಟುಕೊಳ್ಳಿ.

ಇಮೇಲ್‌ನಲ್ಲಿ ಮೂಲ ಲಿಂಕ್ ಮೊದಲಿರಲಿ. ಪಕ್ಕದಲ್ಲಿ 'ಪೇವಾಲ್ ಇದೆ, ಪಿಡಿಎಫ್ ಇಲ್ಲಿದೆ' ಎಂದು ಸೇರಿಸಿ. ಪ್ರಕಟವಾಗಿದೆ ಎಂಬುದಕ್ಕೆ ಮೂಲ ಲಿಂಕ್ ಸಾಕ್ಷಿ, ಓದುವುದಕ್ಕೆ ಪಿಡಿಎಫ್. ಬರೀ ಮುದ್ರಣದಲ್ಲಿ ಬಂದಿದ್ದರೆ ಪುಟದ ಸ್ಕ್ಯಾನ್‌ನಲ್ಲಿ ಪತ್ರಿಕೆಯ ಹೆಸರು ಮತ್ತು ದಿನಾಂಕ ಕಾಣಬೇಕು. ಪೂರ್ತಿ ಲೇಖನವನ್ನು ನಿಮ್ಮ ಸ್ವಂತ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಮತ್ತೆ ಹಾಕುವ ಮೊದಲು ಸಂಸ್ಥೆಯನ್ನು ಕೇಳಿ. ಸಂಬಳಕ್ಕೆ ಬರೆದ ಬರಹದ ಹಕ್ಕು ಸಂಸ್ಥೆಯದ್ದಾಗಿರಬಹುದು.

ಕಳಿಸುವ ಮೊದಲು ಎಲ್ಲ ಲಿಂಕ್‌ಗಳನ್ನೂ ಇನ್‌ಕಾಗ್ನಿಟೊ ವಿಂಡೋದಲ್ಲಿ ಒತ್ತಿ ನೋಡಿ. ಡ್ರೈವ್‌ನಲ್ಲಿಟ್ಟ ಫೈಲ್ ನಿಮಗೆ ತೆರೆದರೆ ಅವರಿಗೂ ತೆರೆಯುತ್ತದೆ ಎಂದೇನಿಲ್ಲ. ನೀವು ಲಾಗಿನ್ ಆಗಿರುತ್ತೀರಿ, ಅವರು ಅನುಮತಿ ಕೇಳಬೇಕಾಗುತ್ತದೆ.

ನಾನು ಬರೆದ ಭಾಷೆ ಇಮೇಲ್ ಓದುವವರಿಗೆ ಬಾರದಿದ್ದರೆ?

ಲಿಂಕ್ ಕೊಡಿ. ಅದರ ಕೆಳಗೆ ಅವರ ಭಾಷೆಯಲ್ಲಿ ಮೂರು ವಾಕ್ಯದ ಸಾರಾಂಶ ಬರೆಯಿರಿ. ಬರಹದ ಅತ್ಯಂತ ಚೆನ್ನಾಗಿರುವ ಇನ್ನೂರು ಪದಗಳಷ್ಟನ್ನು ನೀವೇ ಅವರ ಭಾಷೆಗೆ ತಂದು ಪಿಡಿಎಫ್‌ನಲ್ಲಿಡಿ. ಪೂರ್ತಿ ಅನುವಾದ ಬೇಡ, ಯಾರೂ ಓದುವುದಿಲ್ಲ. ಕೆಲಸ ಆ ಇನ್ನೊಂದು ಭಾಷೆಯಲ್ಲೇ ಬರೆಯುವುದಾದರೆ, ಅದರಲ್ಲಿ ನೇರವಾಗಿ ಬರೆದ ಒಂದು ಮಾದರಿಯೂ ಬೇಕು. ಅನುವಾದ ಅದಕ್ಕೆ ಸಾಕ್ಷಿಯಾಗುವುದಿಲ್ಲ.

ನಾನು ಇದೇ ಕಂಪನಿಯ ಬಗ್ಗೆ ಹಿಂದೆ ವರದಿ ಮಾಡಿದ್ದೇನೆ. ಹೇಳಬೇಕಾ?

ಖಂಡಿತ ಹೇಳಬೇಕು. ಒಂದು ವಾಕ್ಯ ಸಾಕು: 'ಎರಡು ವರ್ಷದ ಹಿಂದೆ ನಿಮ್ಮ ಕಂಪನಿಯ ಬಗ್ಗೆ ಒಂದು ವರದಿ ಬರೆದಿದ್ದೆ, ಲಿಂಕ್ ಇಲ್ಲಿದೆ.' ಅದು ಟೀಕೆಯಾಗಿದ್ದರೂ ಹೇಳಿ. ಅವರು ನಿಮ್ಮ ಹೆಸರನ್ನು ಸರ್ಚ್ ಮಾಡಿಯೇ ಮಾಡುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನೀವು ಇನ್ನೂ ಅದೇ ಬೀಟ್‌ನಲ್ಲಿದ್ದರೆ, ಇಮೇಲ್ ಕಳಿಸುವ ಹೊತ್ತಿನಿಂದ ಆ ಕಂಪನಿಯ ಬಗ್ಗೆ ಏನೂ ಬರೆಯಬೇಡಿ. ಪ್ರತಿಸ್ಪರ್ಧಿಗಳ ಬಗ್ಗೆಯೂ ಬರೆಯದಿದ್ದರೆ ಒಳ್ಳೆಯದು. ಮಾತುಕತೆ ಮುಂದುವರಿದರೆ ಸಂಪಾದಕರಿಗೆ ತಿಳಿಸಿ, ಆ ಸುದ್ದಿಗಳನ್ನು ಬೇರೆಯವರಿಗೆ ಕೊಡಲು ಹೇಳಿ. ಕೆಲಸ ಕೇಳುತ್ತಲೇ ಅವರ ಬಗ್ಗೆ ವರದಿ ಬರೆದರೆ, ಅದು ಹೊಗಳಿಕೆಯಾಗಲಿ ಟೀಕೆಯಾಗಲಿ, ನೀವು ಪುರಾವೆಯಾಗಿ ಇಟ್ಟಿರುವ ಎಲ್ಲ ಬರಹಗಳ ಮೇಲೂ ಅನುಮಾನ ಬೀಳುತ್ತದೆ.

'ನನಗೆ ಎಲ್ಲ ಪತ್ರಿಕೆಗಳಲ್ಲೂ ಪರಿಚಯದವರಿದ್ದಾರೆ, ನಿಮ್ಮ ಸುದ್ದಿ ಹಾಕಿಸುತ್ತೇನೆ' ಎಂದು ಬರೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಈ ಕೆಲಸವೇ ಅಲ್ಲ, ನಿಮ್ಮ ಸಹೋದ್ಯೋಗಿಗಳ ವಿಶ್ವಾಸವನ್ನು ಮಾರಿದ ಹಾಗೂ ಆಗುತ್ತದೆ.

ಪತ್ರಿಕೋದ್ಯಮ ಯಾಕೆ ಬಿಡುತ್ತಿದ್ದೇನೆ ಎಂದು ವಿವರಿಸಬೇಕಾ?

ಇಮೇಲ್‌ನಲ್ಲಿ ಬೇಡ. ಬೇಕಿದ್ದರೆ ಒಂದೇ ವಾಕ್ಯ, ಅದೂ ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದರ ಬಗ್ಗೆ. ಸಂಬಳ ತಡವಾದದ್ದು, ಪುಟ ಕಡಿಮೆಯಾದದ್ದು, ಮೇಲಿನವರ ಕಾಟ ಎಲ್ಲ ನಿಜವೇ ಇರಬಹುದು, ಆದರೆ ಅವು ಈ ಇಮೇಲ್‌ಗೆ ಸೇರಿದ್ದಲ್ಲ.

ಮಾರ್ಕೆಟಿಂಗ್ ಅನುಭವ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕಾ, ಮುಚ್ಚಿಡಬೇಕಾ?

ಒಂದು ವಾಕ್ಯದಲ್ಲಿ ಒಪ್ಪಿಕೊಳ್ಳಿ, ಕ್ಷಮೆ ಕೇಳಬೇಡಿ. ಅದರ ಹಿಂದೆಯೇ ಆ ಕೊರತೆ ತುಂಬಲು ಏನು ಮಾಡಿದ್ದೀರಿ ಎಂದು ತೋರಿಸಿ. ಮೇಲಿನ ಉದಾಹರಣೆಯಲ್ಲಿ ವರದಿಗಾರ್ತಿ ಇಟ್ಟ ಒಂದು ಪುಟದ ಬ್ರೀಫ್, ಅಂದರೆ ಲೇಖನ ಬರೆಯುವ ಮೊದಲಿನ ಯೋಜನೆ, ಇದೇ ಕೆಲಸ ಮಾಡುತ್ತದೆ. ಪ್ರಕಟಿತ ಬರಹ ನಿಮ್ಮ ಬರವಣಿಗೆಗೆ ಸಾಕ್ಷಿ. ಬರೆಯುವ ಮೊದಲು ಮಾರ್ಕೆಟಿಂಗ್‌ನವರ ಹಾಗೆ ಯೋಚಿಸಬಲ್ಲಿರಿ ಎಂಬುದಕ್ಕೆ ಬ್ರೀಫ್ ಸಾಕ್ಷಿ.

ಆ ಪುಟದಲ್ಲಿ ಏನಿರಬೇಕು? ಯಾರಿಗಾಗಿ ಈ ಲೇಖನ, ಅವರು ಸರ್ಚ್‌ನಲ್ಲಿ ಟೈಪ್ ಮಾಡುವ ಪ್ರಶ್ನೆ ಯಾವುದು, ಈಗ ಮೊದಲ ಪುಟದಲ್ಲಿರುವ ಲೇಖನಗಳಲ್ಲಿ ಏನು ಸಿಗುತ್ತಿಲ್ಲ. ಕಂಪನಿಯೊಳಗೆ ಯಾರ ಜೊತೆ ಮಾತಾಡಬೇಕು, ಲೇಖನದ ಉಪಶೀರ್ಷಿಕೆಗಳು ಯಾವುವು, ಓದಿ ಮುಗಿಸಿದ ಮೇಲೆ ಓದುಗರು ಏನು ಮಾಡಬೇಕು. ಕೊನೆಯದನ್ನು ಪತ್ರಕರ್ತರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಸುದ್ದಿಯಲ್ಲಿ ಓದುಗರಿಗೆ ವಿಷಯ ತಿಳಿದರೆ ನಮ್ಮ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ಬಾಕಿ ವಸೂಲಿಯ ಲೇಖನ ಓದಿದ ವ್ಯಾಪಾರಿ ನೆನಪೋಲೆಯ ಮಾದರಿಯನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕಾ, ಸಾಫ್ಟ್‌ವೇರ್‌ನಲ್ಲಿ ಬಾಕಿಯ ಪಟ್ಟಿ ತೆಗೆಯುವುದು ಹೇಗೆಂದು ನೋಡಬೇಕಾ? ಅದನ್ನು ಮೊದಲೇ ತೀರ್ಮಾನಿಸಿದ್ದೀರಿ ಎಂಬುದು ಕಾಣಬೇಕು.

ಪೂರ್ತಿ ಲೇಖನವನ್ನೇ ಬರೆದು ಕಳಿಸುವ ಅಗತ್ಯವಿಲ್ಲ. ಅದು ಸಂಬಳಕ್ಕೆ ಮಾಡುವ ಕೆಲಸ.

ಇಮೇಲ್ ಯಾರಿಗೆ ಕಳಿಸಬೇಕು?

ಕಂಟೆಂಟ್ ಮುಖ್ಯಸ್ಥರು ಯಾರೆಂದು ಗೊತ್ತಾದರೆ ಅವರಿಗೆ. ಜಾಹೀರಾತಿನಲ್ಲಿ ಬೇರೆ ವಿಳಾಸ ಅಥವಾ ಫಾರ್ಮ್ ಕೊಟ್ಟಿದ್ದರೆ ಮೊದಲು ಅಲ್ಲಿ ಅರ್ಜಿ ಹಾಕಿ, ಆಮೇಲೆ ಮುಖ್ಯಸ್ಥರಿಗೆ ಬರೆದು 'ಅರ್ಜಿಯನ್ನೂ ಹಾಕಿದ್ದೇನೆ' ಎಂದು ತಿಳಿಸಿ.

ಉತ್ತರ ಬರದಿದ್ದರೆ?

ಒಂದು ವಾರ ಕಾಯಿರಿ. ಆಮೇಲೆ ಅದೇ ಇಮೇಲ್‌ಗೆ ಉತ್ತರವಾಗಿ ಎರಡು ಸಾಲು ಬರೆಯಿರಿ. 'ನೋಡಿದಿರಾ' ಎಂದು ಕೇಳುವ ಬದಲು ಹೊಸ ಪುರಾವೆ ಏನಾದರೂ ಸೇರಿಸಿ: ಈ ವಾರ ಪ್ರಕಟವಾದ, ಅವರ ಕ್ಷೇತ್ರಕ್ಕೆ ಹತ್ತಿರದ ಒಂದು ಬರಹ. ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ.

ಹತ್ತು ಕಡೆಯಿಂದಲೂ ಮೌನವೇ ಬಂದರೆ ಇಮೇಲ್‌ನ ಭಾಷೆಯನ್ನು ತಿದ್ದುತ್ತಾ ಕೂರಬೇಡಿ. ಲಿಂಕ್‌ಗಳನ್ನು ಬದಲಿಸಿ ನೋಡಿ. ಆರಿಸಿದ ಬರಹ ಆ ಕಂಪನಿಯ ಗ್ರಾಹಕರಿಗೆ ಸಂಬಂಧಿಸಿದ್ದೇ ಅಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಇಮೇಲ್ ಕೆಲಸ ಮಾಡುವುದಿಲ್ಲ. ಹತ್ತಿರದ ಬರಹ ಇಲ್ಲವೇ ಇಲ್ಲ ಎಂದಾದರೆ ಕಂಪನಿಯನ್ನು ಬದಲಿಸಿ: ಆರೋಗ್ಯ ಬೀಟ್‌ನವರು ಆರೋಗ್ಯ ಕ್ಷೇತ್ರದ ಕಂಪನಿಗಳಿಗೆ, ಕೃಷಿ ಬೀಟ್‌ನವರು ಕೃಷಿ ಉಪಕರಣದ ಕಂಪನಿಗಳಿಗೆ ಮೊದಲು ಬರೆಯಲಿ.

ಕರೆ ಬಂದರೆ ಈ ಬರಹಗಳ ಬಗ್ಗೆ ಏನು ಕೇಳುತ್ತಾರೆ?

ಲಿಂಕ್ ಕೊಟ್ಟ ಪ್ರತಿ ಬರಹದ ಬಗ್ಗೆಯೂ ಕೇಳುತ್ತಾರೆ ಎಂದುಕೊಂಡೇ ಹೋಗಿ. ಈ ವಿಷಯ ಹೇಗೆ ಹೊಳೆಯಿತು, ಎಷ್ಟು ಜನರ ಜೊತೆ ಮಾತಾಡಿದಿರಿ, ಸಂಪಾದಕರು ಏನು ಬದಲಿಸಿದರು, ಇವತ್ತು ಬರೆದರೆ ಏನು ಬೇರೆ ಮಾಡುತ್ತೀರಿ. ಹಳೆಯ ಟಿಪ್ಪಣಿಗಳನ್ನು ಒಮ್ಮೆ ತಿರುವಿ ಹಾಕಿ ಹೋಗಿ. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟ ಮೂಲಗಳ ಹೆಸರನ್ನು ಅಲ್ಲೂ ಹೇಳಬೇಡಿ.

ಜೊತೆಗೆ ಇನ್ನೊಂದು ಪ್ರಶ್ನೆ ಬಹುತೇಕ ಬಂದೇ ಬರುತ್ತದೆ: 'ನಿಮ್ಮ ಬರಹವನ್ನು ಬೇರೆಯವರು ಒಪ್ಪಬೇಕಾಗುತ್ತದೆ, ಪರವಾಗಿಲ್ವಾ?' ಪತ್ರಿಕೆಯಲ್ಲಿ ಸಂದರ್ಶನ ಕೊಟ್ಟವರಿಗೆ ಪ್ರಕಟಣೆಗೆ ಮೊದಲು ಬರಹ ತೋರಿಸುವುದಿಲ್ಲ, ಅದು ಕಲಿತ ಶಿಸ್ತು. ಕೇಸ್ ಸ್ಟಡಿಯಲ್ಲಿ ಹಾಗಲ್ಲ. ಗ್ರಾಹಕರು ಓದಿ ಒಪ್ಪಿದ ಮೇಲೆಯೇ ಅದು ಹೊರಗೆ ಹೋಗುತ್ತದೆ, ಕೆಲವೊಮ್ಮೆ ಅವರ ಕಾನೂನು ವಿಭಾಗವೂ ಓದುತ್ತದೆ. ಒಳ್ಳೆಯ ವಾಕ್ಯವೊಂದು ಹಾಗೆ ಕತ್ತರಿಸಿ ಹೋಗುವುದು ಮಾಮೂಲು. 'ನನಗೆ ತೊಂದರೆ ಇಲ್ಲ' ಎಂದಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ. ಸಂಪಾದಕರು ಅಥವಾ ಪತ್ರಿಕೆಯ ವಕೀಲರು ನಿಮ್ಮ ಬರಹದಲ್ಲಿ ಮುಖ್ಯವಾದದ್ದನ್ನು ತೆಗೆಸಿದ ಒಂದು ಸಂದರ್ಭವನ್ನು ನೆನಪಿಸಿಕೊಂಡು ಹೋಗಿ. ಯಾವುದನ್ನು ಬಿಟ್ಟುಕೊಟ್ಟಿರಿ, ಯಾವುದಕ್ಕೆ ವಾದ ಮಾಡಿದಿರಿ, ಕೊನೆಗೆ ಓದುಗರ ಕೈಗೆ ಏನು ಹೋಯಿತು ಎಂದು ಹೇಳಿ. ಆ ಬರಹ ನೀವು ಕಳಿಸಿದ ಎರಡರಲ್ಲಿ ಒಂದಾಗಿದ್ದರೆ ಇನ್ನೂ ಒಳ್ಳೆಯದು. ಅವರ ಮುಂದೆ ಅದು ತೆರೆದೇ ಇರುತ್ತದೆ.